ಸಹಸಂಸ್ಥಾಪಕರ ಷೇರು: ಹಂಚಿಕೆ ಮತ್ತು ವೆಸ್ಟಿಂಗ್

ಸ್ಟಾರ್ಟಪ್‌ನ ಷೇರುಗಳನ್ನು ಹಂಚಿಕೊಳ್ಳುವಾಗ ಐಡಿಯಾ ಯಾರದೆಂಬುದಕ್ಕಿಂತ ಮುಂದಿನ ವರ್ಷಗಳಲ್ಲಿ ಯಾರು ಎಷ್ಟು ದುಡಿಯುತ್ತಾರೆ ಎಂಬುದು ಮುಖ್ಯ. ಆ ದುಡಿಮೆ ಇನ್ನೂ ನಡೆದಿರುವುದಿಲ್ಲ. ಆದ್ದರಿಂದಲೇ ಷೇರಿನ ಹಕ್ಕು ಕಾಲಕ್ರಮದಲ್ಲಿ ಪಕ್ಕಾ ಆಗುವ ವ್ಯವಸ್ಥೆ ಬೇಕಾಗುತ್ತದೆ. ಅದೇ ವೆಸ್ಟಿಂಗ್. ಇದಕ್ಕೆ ಸಾಮಾನ್ಯವಾಗಿ ನಾಲ್ಕು ವರ್ಷಗಳ ಅವಧಿ ಇರುತ್ತದೆ. ಮೊದಲ ವರ್ಷ ತುಂಬುವವರೆಗೆ ಏನೂ ಪಕ್ಕಾ ಆಗುವುದಿಲ್ಲ; ಈ ಗಡುವಿಗೆ ಕ್ಲಿಫ್ ಎನ್ನುತ್ತಾರೆ. ವರ್ಷ ತುಂಬಿದಾಗ ಕಾಲುಭಾಗ, ಆಮೇಲೆ ತಿಂಗಳಿಗಿಷ್ಟು ಎಂದು ಸೇರುತ್ತದೆ.

ಉದಾಹರಣೆಗೆ, 10,000 ಷೇರುಗಳಲ್ಲಿ ಒಬ್ಬರಿಗೆ 6,000, ಇನ್ನೊಬ್ಬರಿಗೆ 4,000 ಎಂದಿಟ್ಟುಕೊಳ್ಳಬಹುದು. ಎರಡನೆಯವರು 18 ತಿಂಗಳಿಗೆ ಹೊರನಡೆದರೆ, 48 ತಿಂಗಳ ಲೆಕ್ಕದಲ್ಲಿ ಅವರಿಗೆ ಉಳಿಯುವುದು 1,500 ಷೇರು. ಬಾಕಿ 2,500 ಷೇರುಗಳನ್ನು ಮೊದಲನೆಯವರು ಮುಖಬೆಲೆಗೆ ಕೊಂಡರೆ ಅವರ ಪಾಲು ಶೇ. 85ಕ್ಕೇರುತ್ತದೆ. ಹತ್ತನೇ ತಿಂಗಳಿಗೇ ಬಿಟ್ಟಿದ್ದರೆ ಹೊರನಡೆದವರಿಗೆ ಒಂದು ಷೇರೂ ಉಳಿಯುತ್ತಿರಲಿಲ್ಲ. ವೆಸ್ಟಿಂಗ್ ಇಲ್ಲದಿದ್ದರೆ, ಕೆಲಸ ಬಿಟ್ಟವರ ಬಳಿಯೇ ಶೇ. 40 ಉಳಿದು ಹೂಡಿಕೆದಾರರು ಹಿಂಜರಿಯುತ್ತಾರೆ.

ಭಾರತದ ಪ್ರೈವೇಟ್ ಲಿಮಿಟೆಡ್ ಕಂಪನಿಗಳಲ್ಲಿ ಸಂಸ್ಥಾಪಕರ ಷೇರುಗಳು ಸಾಮಾನ್ಯವಾಗಿ ಆರಂಭದಲ್ಲೇ ಅವರ ಹೆಸರಿನಲ್ಲಿರುತ್ತವೆ. ಹೀಗಾಗಿ ಮರಳಿ ಕೊಳ್ಳುವ ಹಕ್ಕು, ಅದರ ಬೆಲೆ, ಸಾವು ಅಥವಾ ಅನಾರೋಗ್ಯದಿಂದ ಹೊರಹೋದರೆ ಅನ್ವಯಿಸುವ ನಿಯಮ ಇವನ್ನು ಷೇರುದಾರರ ಒಪ್ಪಂದದಲ್ಲಿ ಬರೆದು, ಕಂಪನಿಯ ನಿಯಮಾವಳಿಗೂ ಸೇರಿಸಬೇಕು.