ಸಕ್ಕರೆ ಇಳಿದಾಗ

ಕಾವೇರಿ, ಹೇಮಾವತಿಗಳ ನೀರು ಹರಿಯುವ ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆಗಳ ಸೀಮೆಯಲ್ಲಿ ಸಿಹಿಗೆ ಬರವಿಲ್ಲ. ಎತ್ತ ನೋಡಿದರೂ ಕಬ್ಬಿನ ಗದ್ದೆಗಳು. ಅಲ್ಲಲ್ಲಿ ಹೊಗೆಯಾಡುವ ಆಲೆಮನೆಗಳು. ನಾಗಮಂಗಲದ ಬೆದ್ದಲು ನೆಲದಲ್ಲಿ ರಾಗಿ, ಹುರುಳಿಗಳೇ ಹೆಚ್ಚಾದರೂ ಅಲ್ಲಿಯ ಅಡುಗೆಮನೆಗಳಲ್ಲಿಯೂ ಒಂದೆರಡು ಅಚ್ಚು ಬೆಲ್ಲ ಇದ್ದೇ ಇರುತ್ತದೆ. ಇಂತಹ ನಾಡಿನಲ್ಲಿ ಮಧುಮೇಹಿಯಾದವನಿಗೆ ಬಂಧುಗಳೆಲ್ಲ ಹೇಳುವ ಬುದ್ಧಿವಾದ ಒಂದೇ: ಸಿಹಿಯನ್ನು ಮುಟ್ಟಬೇಡ. ದಿನನಿತ್ಯದ ಬಾಳಿಗೆ ಅದು ಸರಿಯಾದ ಮಾತು. ಆದರೆ ಅದೇ ಮನುಷ್ಯನಿಗೆ ಸಕ್ಕರೆಯನ್ನು ತಡಮಾಡದೆ ಕೊಡಲೇಬೇಕಾದ ಗಳಿಗೆಯೊಂದು ಬರಬಹುದು.

ಆರೋಗ್ಯವಂತನ ದೇಹದಲ್ಲಿ ಮೇದೋಜೀರಕ ಗ್ರಂಥಿಯು ಇನ್ಸುಲಿನ್ ಎಂಬ ರಸವನ್ನು ಅಗತ್ಯಕ್ಕೆ ತಕ್ಕಷ್ಟೇ ಸ್ರವಿಸುತ್ತದೆ. ರಕ್ತದಲ್ಲಿ ಗ್ಲುಕೋಸ್ ಇಳಿಯತೊಡಗಿದರೆ ಆ ಸ್ರಾವವೂ ತಾನಾಗಿಯೇ ತಗ್ಗುತ್ತದೆ. ಸೂಜಿಯ ಮೂಲಕ ಚುಚ್ಚಿಕೊಂಡ ಇನ್ಸುಲಿನ್‌ಗೆ ಈ ವಿವೇಕವಿಲ್ಲ. ರೋಗಿಯು ಉಂಡನೋ ಇಲ್ಲವೋ, ಮನೆಯಲ್ಲಿ ಕುಳಿತನೋ ಗದ್ದೆಯಲ್ಲಿ ದುಡಿದನೋ ಎಂಬುದನ್ನು ನೋಡದೆ ಅದು ತನ್ನ ಕೆಲಸವನ್ನು ಮುಂದುವರಿಸುತ್ತದೆ. ಗ್ರಂಥಿಯನ್ನು ಪ್ರಚೋದಿಸಿ ಇನ್ಸುಲಿನ್ ಸುರಿಸುವ ಗ್ಲಿಬೆನ್‌ಕ್ಲಮೈಡ್, ಗ್ಲಿಮೆಪಿರೈಡ್ ಮೊದಲಾದ ಮಾತ್ರೆಗಳೂ ಇದೇ ಜಾತಿಯವು. ಆಗ ರಕ್ತದ ಸಕ್ಕರೆ ಮಿತಿಗಿಂತ ಕೆಳಗಿಳಿಯುತ್ತದೆ. ಒಂದು ಡೆಸಿಲೀಟರ್ ರಕ್ತದಲ್ಲಿ ೭೦ ಮಿಲಿಗ್ರಾಂಗಿಂತ ಕಡಿಮೆಯಾದರೆ ಅದನ್ನು ಉಪಚರಿಸಬೇಕು. ೫೪ಕ್ಕಿಂತ ಕಡಿಮೆಯಾದರೆ ಅಪಾಯ ಹತ್ತಿರವಾಯಿತೆಂದು ತಿಳಿಯಬೇಕು.

ಒಂದು ಸಂದರ್ಭವನ್ನು ಊಹಿಸಿಕೊಳ್ಳೋಣ. ಪಾಂಡವಪುರ ತಾಲ್ಲೂಕಿನ ಹಳ್ಳಿಯೊಂದರ ರೈತ, ವಯಸ್ಸು ಐವತ್ತೆಂಟು. ಬೆಳಗ್ಗೆ ಎಂದಿನಂತೆ ಇನ್ಸುಲಿನ್ ಚುಚ್ಚಿಕೊಂಡನು. ಅಂದು ಕಬ್ಬು ಕಡಿಯುವ ಆಳುಗಳು ಬೇಗನೆ ಬಂದುದರಿಂದ ಅರ್ಧ ಮುದ್ದೆಯುಂಡು ಎದ್ದುಹೋದನು. ಮಧ್ಯಾಹ್ನ ಹನ್ನೆರಡರ ಹೊತ್ತಿಗೆ ಮನೆಗೆ ಬಂದಾಗ ಅಂಗಿಯೆಲ್ಲ ಬೆವರಿನಿಂದ ತೊಯ್ದಿತ್ತು, ಕೈ ನಡುಗುತ್ತಿತ್ತು. ಬಿಸಿಲಿನ ಆಯಾಸವೆಂದು ಎಲ್ಲರೂ ಭಾವಿಸಿದರು. ಆದರೆ ನೆರಳಿನಲ್ಲಿ ಕುಳಿತ ಮೇಲೂ ಬೆವರು ತಣ್ಣಗೆ ಸುರಿಯುತ್ತಲೇ ಇತ್ತು. ಕೇಳಿದ ಪ್ರಶ್ನೆಗೆ ಅಸಂಬದ್ಧವಾಗಿ ಉತ್ತರಿಸಿದನು, ಕಾರಣವಿಲ್ಲದೆ ರೇಗಿದನು.

ಈ ಲಕ್ಷಣಗಳು ಎರಡು ಬಗೆಯವು. ಬೆವರು, ನಡುಕ, ಎದೆಬಡಿತ, ಹಸಿವು ಇವು ದೇಹವು ಬಾರಿಸುವ ಎಚ್ಚರಿಕೆಯ ಗಂಟೆ. ಮಾತಿನ ತೊದಲು, ಸಿಡುಕು, ಮಂಕು ಇವು ಗ್ಲುಕೋಸ್ ಸಾಲದೆ ಮಿದುಳು ಬಳಲುತ್ತಿರುವುದರ ಗುರುತು. ಮಿದುಳಿಗೆ ತನ್ನದೇ ಆದ ದಾಸ್ತಾನು ಇಲ್ಲವೆಂದೇ ಹೇಳಬೇಕು. ರಕ್ತವು ತಂದುಕೊಟ್ಟಷ್ಟರಿಂದಲೇ ಅದು ಬಾಳಬೇಕು. ಬಹುಕಾಲ ಮಧುಮೇಹದಿಂದ ನರಳಿದವರಲ್ಲಿ ಮೊದಲನೆಯ ಬಗೆಯ ಲಕ್ಷಣಗಳು ಕಾಣದೆ ನೇರವಾಗಿ ಎರಡನೆಯವೇ ಕಾಣಿಸಿಕೊಳ್ಳುವುದುಂಟು. ಅಂತಹವರನ್ನು ಕುಡಿದಿದ್ದಾರೆಂದು ತಪ್ಪು ತಿಳಿದು ದೂರವಿಟ್ಟರೆ ಪ್ರಾಣಕ್ಕೇ ಕುತ್ತು.

ಮನೆಯಲ್ಲಿ ಬೆರಳ ತುದಿಯ ರಕ್ತವನ್ನು ಪರೀಕ್ಷಿಸುವ ಯಂತ್ರವಿತ್ತು. ಮಗಳು ತಂದೆಯ ಕೈಯನ್ನು ತೊಳೆದು, ಒರೆಸಿ, ಪರೀಕ್ಷಿಸಿದಳು. ಕಬ್ಬಿನ ಹಾಲು ಅಥವಾ ಬೆಲ್ಲದ ಅಂಟು ಬೆರಳಿನಲ್ಲಿದ್ದರೆ ಯಂತ್ರವು ಅದನ್ನೂ ಅಳೆದು ಸುಳ್ಳು ಅಂಕಿಯನ್ನು ತೋರಿಸುತ್ತದೆ. ನಿಜವಾಗಿ ಐವತ್ತಿದ್ದದ್ದು ನೂರೈವತ್ತೆಂದು ಕಂಡರೂ ಆಶ್ಚರ್ಯವಿಲ್ಲ. ಆಲೆಮನೆಗಳ ಸೀಮೆಯಲ್ಲಿ ಈ ತೊಳೆಯುವಿಕೆಯನ್ನು ಮರೆಯುವಂತಿಲ್ಲ. ಅಂಕಿ ೫೨ ಎಂದು ಬಂದಿತು. ಯಂತ್ರವಿಲ್ಲದ ಮನೆಯಲ್ಲಾದರೆ ಲಕ್ಷಣವನ್ನೇ ನಂಬಿ ಉಪಚಾರಕ್ಕೆ ತೊಡಗಬೇಕು.

ಮಗಳು ಸಕ್ಕರೆಯ ಡಬ್ಬಿಗೆ ಕೈ ಹಾಕಿದಾಗ ಅಜ್ಜಿ ತಡೆದಳು: "ಸಕ್ಕರೆ ಕಾಯಿಲೆ ಇರೋನಿಗೆ ಸಕ್ಕರೆ ಕೊಡ್ತಾರೇನವ್ವ?"

"ಈಗ ಅಪ್ಪನ ರಕ್ತದಾಗೆ ಸಕ್ಕರೆ ಸಾಲದು ಅಜ್ಜಿ, ಅದಕ್ಕೇ" ಎಂದು ಹೇಳಿ ಅವಳು ತುಸು ಉಬ್ಬಾಗಿ ತುಂಬಿದ ಮೂರು ಟೀ ಚಮಚ ಸಕ್ಕರೆಯನ್ನು ಅರ್ಧ ಲೋಟ ನೀರಿನಲ್ಲಿ ಕದಡಿ ಕುಡಿಸಿದಳು. ಇದು ಸುಮಾರು ೧೫ ಗ್ರಾಂ. ಆಗ ಗಂಟೆ ಹನ್ನೆರಡೂ ಹತ್ತು. ಗ್ಲುಕೋಸ್ ಪುಡಿಯಾದರೂ ಇದೇ ಅಳತೆ. ಬೆಲ್ಲವಾದರೆ ಅಷ್ಟೇ ತೂಕವನ್ನು ಕುಟ್ಟಿ ನೀರಿನಲ್ಲಿ ಕರಗಿಸಬೇಕು. ಗಟ್ಟಿ ಉಂಡೆ ಬಾಯಲ್ಲಿ ಕರಗುವುದು ನಿಧಾನ. ಹಾಲು, ಚಾಕೊಲೇಟು, ಮೈಸೂರುಪಾಕು ಇವು ಸಿಹಿಯೇ ಆದರೂ ಅವುಗಳಲ್ಲಿನ ಕೊಬ್ಬು ಜಠರವು ಬರಿದಾಗುವುದನ್ನು ತಡಮಾಡುತ್ತದೆ. ರಾಗಿಮುದ್ದೆಯ ಪಿಷ್ಟವು ಜೀರ್ಣವಾಗಿ ಗ್ಲುಕೋಸ್ ಆಗಲು ಇನ್ನೂ ಹೆಚ್ಚು ಹೊತ್ತು ಬೇಕು. ಮತ್ತೊಂದು ಅಪವಾದವನ್ನು ಇಲ್ಲಿಯೇ ಹೇಳಬೇಕು. ಅಕಾರ್ಬೋಸ್, ವೊಗ್ಲಿಬೋಸ್ ಎಂಬ ಮಾತ್ರೆಗಳು ಕರುಳಿನಲ್ಲಿ ಸಕ್ಕರೆಯು ಒಡೆಯುವುದನ್ನೇ ತಡೆಯುತ್ತವೆ; ಆದುದರಿಂದ ಅವನ್ನು ಸೇವಿಸುವವರಿಗೆ ಸಕ್ಕರೆ, ಬೆಲ್ಲಗಳಿಗಿಂತ ಗ್ಲುಕೋಸ್ ಪುಡಿಯೇ ಆಗಬೇಕು.

ಇನ್ನು ಕಾಯುವ ಕೆಲಸ. ಇದೇ ಎಲ್ಲಕ್ಕಿಂತ ಕಷ್ಟವಾದುದು. ಕುಡಿದ ನೀರು ಜಠರವನ್ನು ದಾಟಿ, ಕರುಳಿನಲ್ಲಿ ಹೀರಲ್ಪಟ್ಟು, ರಕ್ತವನ್ನು ಸೇರಲು ಹೊತ್ತು ಹಿಡಿಯುತ್ತದೆ. ಐದು ನಿಮಿಷಕ್ಕೇ ಪರೀಕ್ಷಿಸಿದರೆ ಅಂಕಿ ಏರಿರುವುದಿಲ್ಲ. ಮನೆಯವರು ಗಾಬರಿಯಿಂದ ಮತ್ತಷ್ಟು ಸಕ್ಕರೆ ಸುರಿಯುತ್ತಾರೆ. ರೋಗಿಗೂ ಹಸಿವು ಅಡಗಿರುವುದಿಲ್ಲವಾಗಿ ಸಿಕ್ಕಿದ್ದನ್ನೆಲ್ಲ ತಿನ್ನಲು ಹವಣಿಸುತ್ತಾನೆ. ಸಂಜೆಗೆ ಸಕ್ಕರೆ ಮುನ್ನೂರಕ್ಕೆ ಏರುವುದು ಹೀಗೆಯೇ. ಆದುದರಿಂದ ಗಡಿಯಾರವನ್ನು ನೋಡಿಕೊಂಡು ೧೫ ನಿಮಿಷ ಕಾಯಬೇಕು. ರೋಗಿಯನ್ನು ಕೂರಿಸಿ ಒಬ್ಬರು ಹತ್ತಿರದಲ್ಲೇ ಇರಬೇಕು.

ಹನ್ನೆರಡೂ ಇಪ್ಪತ್ತೈದಕ್ಕೆ ಮತ್ತೆ ಕೈ ತೊಳೆದು ನೋಡಿದಾಗ ೬೪ ಇತ್ತು. ಏರಿದೆ, ಆದರೆ ೭೦ನ್ನು ಮುಟ್ಟಿಲ್ಲ. ಮಗಳು ಅದೇ ಅಳತೆಯ ಸಕ್ಕರೆ ನೀರನ್ನು ಇನ್ನೊಮ್ಮೆ ಕೊಟ್ಟಳು. ಹನ್ನೆರಡೂ ನಲವತ್ತಕ್ಕೆ ೯೮ ಬಂದಿತು. ನಡುಕ ನಿಂತಿತು, ಮಾತು ತಿಳಿಯಾಯಿತು. ಸಕ್ಕರೆ ಬೇಗನೆ ಏರಿದಂತೆಯೇ ಬೇಗನೆ ಇಳಿಯುತ್ತದೆ. ಬೆಳಗಿನ ಇನ್ಸುಲಿನ್ನಿನ ಶಕ್ತಿಯಾದರೋ ಇನ್ನೂ ಮುಗಿದಿರಲಿಲ್ಲ. ಆದುದರಿಂದ ಕೂಡಲೇ ಮುದ್ದೆ, ಸೊಪ್ಪಿನ ಸಾರುಗಳ ಊಟವನ್ನು ಬಡಿಸಿದರು. ಆಗ ನಿಧಾನವಾಗಿ ಜೀರ್ಣವಾಗುವ ರಾಗಿಯೇ ಉಪಕಾರಿ. ಒಂದು ಗಂಟೆಯ ತರುವಾಯ ಮತ್ತೊಮ್ಮೆ, ರಾತ್ರಿ ಮಲಗುವ ಮುನ್ನ ಇನ್ನೊಮ್ಮೆ ಪರೀಕ್ಷಿಸಿದರು.

ಎರಡು ಮೂರು ಬಾರಿ ಕೊಟ್ಟರೂ ಅಂಕಿ ಏರದಿದ್ದರೆ ಮನೆಯ ಉಪಚಾರವನ್ನು ನೆಚ್ಚಿ ಕೂರಬಾರದು. ೧೦೮ಕ್ಕೆ ಕರೆಮಾಡಿ ತಾಲ್ಲೂಕು ಆಸ್ಪತ್ರೆಗೆ ಕರೆದೊಯ್ಯಬೇಕು. ರೋಗಿಯು ಎಚ್ಚರ ತಪ್ಪಿದ್ದರೆ ಅಥವಾ ನುಂಗಲಾರದಿದ್ದರೆ ಬಾಯಿಗೆ ಏನನ್ನೂ ಹಾಕಬಾರದು. ಸುರಿದ ನೀರು ಶ್ವಾಸನಾಳವನ್ನು ಹೊಕ್ಕು ಉಸಿರು ಕಟ್ಟಬಹುದು. ಪಕ್ಕಕ್ಕೆ ಮಲಗಿಸಿ, ಉಸಿರಾಟವನ್ನು ಗಮನಿಸುತ್ತ, ವಾಹನ ಬರುವವರೆಗೆ ಜೊತೆಯಲ್ಲಿರಬೇಕು. ಆಸ್ಪತ್ರೆಯಲ್ಲಿ ರಕ್ತನಾಳಕ್ಕೇ ಗ್ಲುಕೋಸ್ ಕೊಡುತ್ತಾರೆ.

ಮಾತ್ರೆಗಳಿಂದ ಸಕ್ಕರೆ ಇಳಿದಿದ್ದರೆ ಎಚ್ಚರಿಕೆ ಇನ್ನೂ ಹೆಚ್ಚು ಬೇಕು. ಗ್ಲಿಬೆನ್‌ಕ್ಲಮೈಡಿನಂತಹ ಮಾತ್ರೆಯ ಪ್ರಭಾವ ಒಂದು ದಿನ ಅಥವಾ ಅದಕ್ಕೂ ಹೆಚ್ಚು ಕಾಲ ಉಳಿಯಬಹುದು. ಮೂತ್ರಪಿಂಡ ದುರ್ಬಲವಾಗಿರುವ ವೃದ್ಧರಲ್ಲಿ ಇದು ವಿಶೇಷ. ಮಧ್ಯಾಹ್ನ ಚೇತರಿಸಿಕೊಂಡವನು ನಡುರಾತ್ರಿಯಲ್ಲಿ ಮತ್ತೆ ಮಂಕಾಗಬಹುದು. ಆದಕಾರಣ ಅಂತಹವರನ್ನು ಚೇತರಿಸಿಕೊಂಡ ಮೇಲೂ ಅಂದೇ ವೈದ್ಯರಿಗೆ ತೋರಿಸಬೇಕು. ನಮ್ಮ ರೈತನ ಮಗಳು ಅಂದಿನ ನಾಲ್ಕೈದು ಅಂಕಿಗಳನ್ನೂ ಗಂಟೆಗಳನ್ನೂ ಅರ್ಧ ಮುದ್ದೆಯ ಸಂಗತಿಯನ್ನೂ ಒಂದು ಚೀಟಿಯಲ್ಲಿ ಬರೆದಿಟ್ಟಳು. ಹೆದರಿ ಇನ್ಸುಲಿನ್ನನ್ನು ತಾವಾಗಿಯೇ ನಿಲ್ಲಿಸಲಿಲ್ಲ. ಮರುದಿನ ಆ ಚೀಟಿಯನ್ನು ನೋಡಿದ ವೈದ್ಯರು ಕಬ್ಬು ಕಡಿಯುವ ದಿನಗಳಿಗೆ ಬೇರೆ ಪ್ರಮಾಣವನ್ನು ಗೊತ್ತುಮಾಡಿ, ಗದ್ದೆಗೆ ಹೋಗುವಾಗ ಸೊಂಟದ ಚೀಲದಲ್ಲಿ ಗ್ಲುಕೋಸ್ ಪೊಟ್ಟಣವಿರಲಿ ಎಂದು ಹೇಳಿ ಕಳುಹಿಸಿದರು.