ಅವಸರ ಬಂದಾಗ ಓಡಬೇಡಿ, ನಿಲ್ಲಿ

ಪೇಟೆಯಿಂದ ಮನೆಗೆ ಬರುವ ದಾರಿಯುದ್ದಕ್ಕೂ ಏನೂ ತೊಂದರೆ ಇರುವುದಿಲ್ಲ. ಬಾಗಿಲ ಬೀಗಕ್ಕೆ ಕೀಲಿಕೈ ಹಾಕುತ್ತಿದ್ದಂತೆ ಮೂತ್ರದ ಒತ್ತಡ ಒಮ್ಮೆಲೇ ಏರುತ್ತದೆ. ಕೈಚೀಲವನ್ನು ಅಲ್ಲೇ ಬಿಟ್ಟು ಓಡಿದರೂ ಬಚ್ಚಲು ತಲುಪುವ ಮೊದಲೇ ಬಟ್ಟೆ ಒದ್ದೆಯಾಗುತ್ತದೆ. ನಲ್ಲಿಯಿಂದ ನೀರು ಸುರಿಯುವ ಸದ್ದು ಕೇಳಿದಾಗ, ಪಾತ್ರೆ ತೊಳೆಯಲು ತಣ್ಣೀರಿಗೆ ಕೈ ಹಾಕಿದಾಗ ಕೂಡ ಹೀಗಾಗುವುದುಂಟು. ಇದನ್ನು ಅನುಭವಿಸುವವರಲ್ಲಿ ಹೆಚ್ಚಿನವರು ವಯಸ್ಸಾಯಿತು, ಹೆರಿಗೆಯಾಗಿದೆ, ಇದು ಹೀಗೇ ಎಂದು ಸುಮ್ಮನಾಗುತ್ತಾರೆ. ಮದುವೆ ಮುಂಜಿಗೆ ಹೋಗುವುದನ್ನು, ದೂರದ ಬಸ್ಸು ಹತ್ತುವುದನ್ನು ಒಂದೊಂದಾಗಿ ಬಿಡುತ್ತಾರೆ.

ವೈದ್ಯರು ಇದನ್ನು ಓವರ್‌ಆ್ಯಕ್ಟಿವ್ ಬ್ಲ್ಯಾಡರ್, ಅಂದರೆ ಅತಿ ಚುರುಕಾದ ಮೂತ್ರಕೋಶ ಎನ್ನುತ್ತಾರೆ. ಇದು ಹೆಂಗಸರಿಗೂ ಬರುತ್ತದೆ, ಗಂಡಸರಿಗೂ ಬರುತ್ತದೆ. ಮೊದಲ ಚಿಕಿತ್ಸೆ ಮಾತ್ರೆಯಲ್ಲ, ತರಬೇತಿ. ಆ ತರಬೇತಿಯ ತಿರುಳು ಅವಸರ ಬಂದ ಗಳಿಗೆಯಲ್ಲಿ ಓಡದೆ ನಿಲ್ಲುವುದು.

ಮೂತ್ರಕೋಶ ಯಾಕೆ ಅವಸರಪಡಿಸುತ್ತದೆ?

ಮೂತ್ರಕೋಶದ ಗೋಡೆ ಒಂದು ಸ್ನಾಯು. ಮೂತ್ರ ತುಂಬುವಾಗ ಅದು ಸಡಿಲವಾಗಿ ಹಿಗ್ಗುತ್ತದೆ. ಹೊರಹಾಕುವಾಗ ಬಿಗಿಯಾಗಿ ಹಿಂಡುತ್ತದೆ. ದೊಡ್ಡವರಲ್ಲಿ ಸಾಮಾನ್ಯವಾಗಿ 150ರಿಂದ 200 ಮಿಲಿಲೀಟರ್ ತುಂಬಿದಾಗ ಮೊದಲ ಸುಳಿವು ಸಿಗುತ್ತದೆ, 300ರಿಂದ 500 ಮಿಲಿಲೀಟರ್‌ವರೆಗೆ ತಡೆದುಕೊಳ್ಳಬಹುದು. ಎಳೆಯ ಮಗುವಿನಲ್ಲಿ ಕೋಶ ತುಂಬಿದ ಕೂಡಲೇ ತಾನಾಗಿ ಹಿಂಡಿಕೊಳ್ಳುತ್ತದೆ. ಮಗು ಬೆಳೆದಂತೆ "ಈಗ ಬೇಡ, ತಡಿ" ಎಂದು ಹೇಳಲು ಮಿದುಳು ಕಲಿಯುತ್ತದೆ. ಓವರ್‌ಆ್ಯಕ್ಟಿವ್ ಬ್ಲ್ಯಾಡರ್‌ನಲ್ಲಿ ಈ ಅಪ್ಪಣೆಯ ಹಿಡಿತ ಸಡಿಲವಾಗುತ್ತದೆ. ಕೋಶ ಅರ್ಧವೂ ತುಂಬದಿರುವಾಗಲೇ ಸ್ನಾಯು ಹಿಂಡಲು ತೊಡಗುತ್ತದೆ.

ಹೀಗೊಮ್ಮೆ ಬಟ್ಟೆ ಒದ್ದೆಯಾದವರು ಸಹಜವಾಗಿಯೇ ಎರಡು ಉಪಾಯ ಹೂಡುತ್ತಾರೆ. ಅವಸರವಿಲ್ಲದಿದ್ದರೂ "ಯಾವುದಕ್ಕೂ ಇರಲಿ" ಎಂದು ಗಳಿಗೆಗೊಮ್ಮೆ ಹೋಗಿ ಬರುತ್ತಾರೆ, ಮತ್ತು ನೀರು ಕುಡಿಯುವುದನ್ನು ಕಡಿಮೆ ಮಾಡುತ್ತಾರೆ. ಎರಡೂ ತಿರುಗುಬಾಣ. ಮತ್ತೆ ಮತ್ತೆ ಸ್ವಲ್ಪ ಸ್ವಲ್ಪವೇ ಖಾಲಿ ಮಾಡಿದರೆ ಸ್ವಲ್ಪ ತುಂಬಿದಾಗಲೇ ಕರೆಯುವುದು ಕೋಶಕ್ಕೆ ರೂಢಿಯಾಗುತ್ತದೆ. ನೀರು ಕಡಿಮೆಯಾದರೆ ಮೂತ್ರ ಗಾಢವಾಗಿ ಕೋಶದ ಒಳಪದರವನ್ನು ಕೆರಳಿಸುತ್ತದೆ. ಮಲಬದ್ಧತೆಯೂ ಸೇರಿಕೊಂಡು, ತುಂಬಿದ ಕರುಳು ಪಕ್ಕದಿಂದ ಕೋಶವನ್ನು ಒತ್ತುತ್ತದೆ.

ಮೊದಲು ಪರೀಕ್ಷೆ

ತರಬೇತಿಗೆ ಇಳಿಯುವ ಮೊದಲು ಒಮ್ಮೆ ವೈದ್ಯರನ್ನು ಕಾಣಲೇಬೇಕು. ಮೂತ್ರದ ಸೋಂಕು, ಹತೋಟಿ ತಪ್ಪಿದ ಸಕ್ಕರೆ ಕಾಯಿಲೆ, ಬಿ.ಪಿ.ಗೆ ಕೊಡುವ ಮೂತ್ರ ಹೆಚ್ಚಿಸುವ ಮಾತ್ರೆ, ಇವೆಲ್ಲ ಇಂಥದೇ ಲಕ್ಷಣ ತೋರಿಸಬಲ್ಲವು. ಮೂತ್ರ ಪರೀಕ್ಷೆ ಮತ್ತು ರಕ್ತದ ಸಕ್ಕರೆ ಪರೀಕ್ಷೆಯಿಂದ ಅರ್ಧ ಉತ್ತರ ಸಿಗುತ್ತದೆ. ಗಂಡಸರಲ್ಲಿ ಧಾರೆ ಸಣ್ಣಗಾಗಿದ್ದರೆ, ತೊಟ್ಟಿಕ್ಕುತ್ತಿದ್ದರೆ, ಪ್ರಾಸ್ಟೇಟ್ ಗ್ರಂಥಿ ದಾರಿಯನ್ನು ಅಡ್ಡಗಟ್ಟಿರಬಹುದು. ಮೂತ್ರ ಮಾಡಿದ ಮೇಲೂ ಒಳಗೆ ಎಷ್ಟು ಉಳಿದಿದೆ ಎಂದು ಸ್ಕ್ಯಾನಿಂಗ್‌ನಲ್ಲಿ ನೋಡುತ್ತಾರೆ. ಪೂರ್ತಿ ಖಾಲಿಯಾಗದೆ ತುಂಬಿ ತುಳುಕುವ ಕೋಶಕ್ಕೆ ತಡೆಯುವ ತರಬೇತಿ ಕೊಟ್ಟರೆ ಅಪಾಯ.

ಕೆಮ್ಮಿದಾಗ, ಸೀನಿದಾಗ, ಭಾರ ಎತ್ತಿದಾಗ ಮಾತ್ರ ಸೋರುವುದು ಬೇರೆಯದೇ ತೊಂದರೆ. ಅದರಲ್ಲಿ ಅವಸರವಿರುವುದಿಲ್ಲ. ಕೆಲವರಲ್ಲಿ ಎರಡೂ ಒಟ್ಟಿಗೆ ಇರುತ್ತವೆ. ಮೂತ್ರದಲ್ಲಿ ರಕ್ತ ಕಂಡರೆ, ಉರಿಯ ಜೊತೆಗೆ ಜ್ವರ ಬಂದರೆ ತಡಮಾಡಬಾರದು. ಇದ್ದಕ್ಕಿದ್ದಂತೆ ಕಾಲು ಸೋತು, ತೊಡೆಗಳ ನಡುವೆ ಜೋಮು ಹಿಡಿದು ಮಲಮೂತ್ರದ ಹತೋಟಿ ತಪ್ಪಿದರೆ ಅದು ಬೆನ್ನುಹುರಿಯ ಕೊನೆಯ ನರಗಳ ತುರ್ತು. ಆಗಲೇ ಆಸ್ಪತ್ರೆಗೆ ಹೋಗಬೇಕು.

ಮೂರು ದಿನದ ಡೈರಿ

ಪರೀಕ್ಷೆಗಳಲ್ಲಿ ಬೇರೆ ಕಾರಣ ಸಿಗದಿದ್ದರೆ ಮುಂದಿನ ಸಾಧನ ಒಂದು ನೋಟ್‌ಪುಸ್ತಕ ಮತ್ತು ಒಂದು ಅಳತೆಯ ಲೋಟ. ಮೂರು ದಿನ ಪ್ರತಿ ಸಲವೂ ಹೋದ ಹೊತ್ತು, ಮೂತ್ರದ ಪ್ರಮಾಣ, ಅವಸರ ಎಷ್ಟಿತ್ತು, ಸೋರಿತೇ, ಏನು ಎಷ್ಟು ಕುಡಿದಿರಿ ಎಂದು ಬರೆಯಬೇಕು.

ಉದಾಹರಣೆಗೆ 54 ವರ್ಷದ ಒಬ್ಬ ಶಾಲಾ ಶಿಕ್ಷಕಿಯ ಡೈರಿಯನ್ನು ಕಲ್ಪಿಸಿಕೊಳ್ಳೋಣ. ಬೆಳಗ್ಗೆ ಆರರಿಂದ ರಾತ್ರಿ ಹತ್ತರವರೆಗೆ 14 ಸಲ, ರಾತ್ರಿ ಒಂದು ಸಲ. ಹಗಲಿನಲ್ಲಿ ಪ್ರತಿ ಸಲ 60ರಿಂದ 120 ಮಿಲಿಲೀಟರ್ ಮಾತ್ರ. ಶಾಲೆಗೆ ಹೊರಡುವ ಮುನ್ನ ಅವಸರವಿಲ್ಲದಿದ್ದರೂ ಎರಡು ಸಲ. ಶಾಲೆಯ ಶೌಚಾಲಯ ಚೆನ್ನಾಗಿಲ್ಲವೆಂದು ಸಂಜೆಯವರೆಗೆ ನೀರು ಕುಡಿದದ್ದು ಒಂದೇ ಲೋಟ, ಆದರೆ ಕಾಫಿ, ಚಹಾ ಸೇರಿ ನಾಲ್ಕು ಸಲ. ಸೋರಿದ್ದು ಮನೆಯ ಬಾಗಿಲಲ್ಲಿ, ಆಗಲೂ ಕೋಶದಲ್ಲಿದ್ದದ್ದು 110 ಮಿಲಿಲೀಟರ್.

ಈ ಡೈರಿಯ ಮುಖ್ಯ ಸಾಲು ಬೇರೆಯೇ ಇದೆ: ಬೆಳಗ್ಗೆ ಎದ್ದ ಕೂಡಲೇ ಹೋದದ್ದು 350 ಮಿಲಿಲೀಟರ್. ನಿದ್ದೆಯಲ್ಲಿ ಅಷ್ಟನ್ನು ಹಿಡಿದಿಟ್ಟುಕೊಂಡ ಕೋಶ ಚಿಕ್ಕದಾಗಿರಲು ಸಾಧ್ಯವಿಲ್ಲ. ಜಾಗವಿದೆ, ಕೆಟ್ಟಿರುವುದು ಕರೆಯುವ ಹೊತ್ತು. ಹೊತ್ತನ್ನು ತಿದ್ದಬಹುದು. ಬೆಳಗಿನ ಪ್ರಮಾಣವೂ ಸಣ್ಣದಿದ್ದರೆ, ಜೊತೆಗೆ ನೋವೂ ಇದ್ದರೆ, ಅದನ್ನು ವೈದ್ಯರಿಗೆ ತೋರಿಸಬೇಕು.

ಕಾಲು ಗಂಟೆಯ ಲೆಕ್ಕ

ಈ ಶಿಕ್ಷಕಿ ಸರಾಸರಿ ಗಂಟೆಗೆ ತುಸು ಹೆಚ್ಚಿನ ಅಂತರದಲ್ಲಿ ಹೋಗುತ್ತಿದ್ದಾರೆ. ಆದ್ದರಿಂದ ಆರಂಭ ಒಂದು ಗಂಟೆಯಿಂದ. ಮೊದಲ ವಾರ ಎಚ್ಚರವಿರುವಷ್ಟು ಹೊತ್ತೂ ಗಡಿಯಾರ ನೋಡಿಕೊಂಡು ಗಂಟೆಗೊಮ್ಮೆ ಹೋಗಬೇಕು: ಅವಸರವಿಲ್ಲದಿದ್ದರೂ ಹೊತ್ತಾದಾಗ ಹೋಗಬೇಕು, ಅವಸರವಾದರೂ ಹೊತ್ತಾಗುವ ಮೊದಲು ಹೋಗಬಾರದು. ವಾರ ಸಲೀಸಾಗಿ ಕಳೆದರೆ ಕಾಲು ಗಂಟೆ ಸೇರಿಸಬೇಕು. ವಾರಕ್ಕೊಮ್ಮೆ ಹೀಗೆ ಎಂಟು ಸಲ ಸೇರಿಸಿದರೆ ಅಂತರ ಮೂರು ಗಂಟೆಯಾಗುತ್ತದೆ, ಗುರಿ ಅದೇ. ಒಂದು ವಾರ ಕಷ್ಟವಾದರೆ ಅದೇ ಅಂತರದಲ್ಲಿ ಇನ್ನೊಂದು ವಾರ ಉಳಿಯಬಹುದು. ರಾತ್ರಿಗೆ ಈ ಲೆಕ್ಕವಿಲ್ಲ. ಎಚ್ಚರವಾದರೆ ಹೋಗಿ ಬಂದು ಮಲಗಬೇಕು.

ಹೊತ್ತಾಗುವ ಮೊದಲೇ ಅವಸರ ಬಂದಾಗ ಏನು ಮಾಡಬೇಕು ಎಂಬುದೇ ಇಡೀ ತರಬೇತಿಯ ಪರೀಕ್ಷೆ. ಅವಸರ ಅಲೆಯ ಹಾಗೆ ಏರುತ್ತದೆ, ತುದಿ ಮುಟ್ಟುತ್ತದೆ, ಇಳಿಯುತ್ತದೆ. ಓಡುವವರು ಸ್ನಾಯು ಅತಿ ಬಲವಾಗಿ ಹಿಂಡುವ ತುದಿಯಲ್ಲೇ ಓಡುತ್ತಾರೆ. ಓಟದಲ್ಲಿ ಹೊಟ್ಟೆಯ ಒತ್ತಡವೂ ಕೋಶದ ಮೇಲೆ ಬೀಳುತ್ತದೆ. ಶೌಚಾಲಯದ ಬಾಗಿಲು ಕಂಡ ಕೂಡಲೇ ಹಿಂಡುವುದು ಮಿದುಳಿಗೆ ರೂಢಿಯಾಗಿರುವುದರಿಂದ, ಹತ್ತಿರವಾದಷ್ಟೂ ಒತ್ತಡ ಹೆಚ್ಚುತ್ತದೆ. ಆದ್ದರಿಂದ ಅಲೆ ಇಳಿಯುವವರೆಗೆ ಕಾಯಬೇಕು.

ಅದರ ಕ್ರಮ ಹೀಗೆ. ಎಲ್ಲಿದ್ದೀರೋ ಅಲ್ಲೇ ನಿಲ್ಲಿ. ಸಾಧ್ಯವಾದರೆ ಗಟ್ಟಿ ಕುರ್ಚಿಯ ಅಂಚಿನಲ್ಲಿ ಕುಳಿತುಕೊಳ್ಳಿ. ವಸ್ತಿತಳದ ಸ್ನಾಯುಗಳನ್ನು ಬೇಗ ಬೇಗನೆ ಐದಾರು ಸಲ ಮೇಲಕ್ಕೆಳೆದು ಬಿಗಿ ಮಾಡಿ ಬಿಡಿ. ಈ ಬಿಗಿತ ದ್ವಾರವನ್ನು ಮುಚ್ಚುವುದಷ್ಟೇ ಅಲ್ಲ, ನರಗಳ ಮೂಲಕ ಕೋಶದ ಸ್ನಾಯುವಿಗೂ ಸಡಿಲವಾಗು ಎಂಬ ಸಂದೇಶ ಕಳಿಸುತ್ತದೆ. ಉಸಿರು ನಿಧಾನವಾಗಿ ಆಡಲಿ. ಮನಸ್ಸನ್ನು ಬೇರೆಡೆ ಕಟ್ಟಿಹಾಕಲು ನೂರರಿಂದ ಏಳೇಳು ಕಳೆಯುತ್ತಾ ಬನ್ನಿ. ಒತ್ತಡ ಇಳಿದ ಮೇಲೆ, ಹೊತ್ತಾಗಿಲ್ಲವಾದರೆ ಕೆಲಸ ಮುಂದುವರಿಸಿ. ಹೊತ್ತಾಗಿದ್ದರೆ ನಿಧಾನವಾಗಿ ನಡೆದು ಹೋಗಿ. ಏನು ಮಾಡಿದರೂ ಇಳಿಯದಿದ್ದರೆ ಐದು ನಿಮಿಷವಾದರೂ ಕಾಯ್ದು, ನಡೆದೇ ಹೋಗಿ ಬಂದು, ಮತ್ತೆ ಗಡಿಯಾರಕ್ಕೆ ಮರಳಿ.

ಬಿಗಿ ಮಾಡಬೇಕಾದ ಸ್ನಾಯು ಯಾವುದು? ನಾಲ್ಕು ಜನರ ನಡುವೆ ಕುಳಿತಾಗ ಹೊರಬರಲಿರುವ ವಾಯುವನ್ನು ತಡೆಯಲು ಏನನ್ನು ಬಿಗಿಹಿಡಿಯುತ್ತೀರೋ ಅದೇ. ಉಸಿರು ಕಟ್ಟಬಾರದು, ಹೊಟ್ಟೆ, ತೊಡೆ, ಪೃಷ್ಠ ಬಿಗಿಯಬಾರದು. ದಿನಕ್ಕೆ ಮೂರು ಹೊತ್ತು, ಹೊತ್ತಿಗೆ ಎಂಟು ಸಲ, ಕೆಲವು ಸೆಕೆಂಡು ಹಿಡಿದು ಅಷ್ಟೇ ಹೊತ್ತು ಬಿಡುವುದು ಅಭ್ಯಾಸದ ಅಳತೆ. ಇದನ್ನು 1948ರಲ್ಲಿ ಅಮೆರಿಕದ ವೈದ್ಯ ಅರ್ನಾಲ್ಡ್ ಕೀಗೆಲ್ ಪ್ರಚಾರಕ್ಕೆ ತಂದರು. ಮೂತ್ರ ಮಾಡುವಾಗ ನಡುವೆ ಧಾರೆ ನಿಲ್ಲಿಸಿ ಅಭ್ಯಾಸ ಮಾಡುವುದು ಬೇಡ. ಕೋಶ ಸರಿಯಾಗಿ ಖಾಲಿಯಾಗದೆ ಹೋಗುತ್ತದೆ.

ಕಾಫಿ, ನೀರು ಮತ್ತು ಮಾತ್ರೆ

ನೀರು, ಮಜ್ಜಿಗೆ, ಸಾರು ಎಲ್ಲ ಸೇರಿ ದಿನಕ್ಕೆ ಒಂದೂವರೆಯಿಂದ ಎರಡು ಲೀಟರ್ ದೇಹಕ್ಕೆ ಹೋಗಬೇಕು. ಬೇಸಿಗೆಯಲ್ಲಿ ಇನ್ನೂ ಹೆಚ್ಚು. ಹೃದಯ, ಮೂತ್ರಪಿಂಡದ ಕಾಯಿಲೆಯವರು ವೈದ್ಯರು ಹೇಳಿದ ಅಳತೆಯನ್ನೇ ಪಾಲಿಸಬೇಕು. ಕಾಫಿ, ಚಹಾದ ಕೆಫೀನ್ ಹಲವರಲ್ಲಿ ಅವಸರವನ್ನು ಹೆಚ್ಚಿಸುತ್ತದೆ. ಒಮ್ಮೆಲೇ ಬಿಟ್ಟರೆ ತಲೆನೋವು ಬರುವುದರಿಂದ ಕೆಲವು ದಿನಕ್ಕೊಂದು ಲೋಟದಂತೆ ಇಳಿಸುವುದು ಒಳ್ಳೆಯದು. ಮಲಗುವ ಎರಡು ಗಂಟೆ ಮೊದಲು ಕುಡಿಯುವುದನ್ನು ಮುಗಿಸಿದರೆ ರಾತ್ರಿಯ ಓಡಾಟ ತಗ್ಗುತ್ತದೆ.

ತರಬೇತಿಗೆ ಕನಿಷ್ಠ ಆರು ವಾರ ಕೊಡಬೇಕೆಂದು ಬ್ರಿಟನ್ನಿನ ನೈಸ್ ಸಂಸ್ಥೆಯ ಮಾರ್ಗಸೂಚಿ ಹೇಳುತ್ತದೆ. ಮೊದಲ ಒಂದೆರಡು ವಾರ ಸೋರುವುದು ತುಸು ಹೆಚ್ಚಾಗಬಹುದು. ಹಲವರು ಕೈಬಿಡುವುದು ಅಲ್ಲೇ; ಪ್ಯಾಡ್ ಇಟ್ಟುಕೊಂಡಾದರೂ ಆ ದಿನಗಳನ್ನು ದಾಟಬೇಕು. ಅಮೆರಿಕದಲ್ಲಿ 55 ದಾಟಿದ 197 ಮಹಿಳೆಯರ ಮೇಲೆ ನಡೆದು 1998ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಸ್ನಾಯು ಬಿಗಿದು ಅವಸರ ತಡೆಯಲು ಕಲಿತವರಲ್ಲಿ ಸೋರುವ ಸಂದರ್ಭಗಳು ಸುಮಾರು 81%, ಆಕ್ಸಿಬ್ಯುಟಿನಿನ್ ಮಾತ್ರೆ ತೆಗೆದುಕೊಂಡವರಲ್ಲಿ ಸುಮಾರು 69% ಕಡಿಮೆಯಾದವು.

ಎಲ್ಲರಿಗೂ ತರಬೇತಿಯೊಂದೇ ಸಾಕಾಗುವುದಿಲ್ಲ. ಆಗ ವೈದ್ಯರು ಸಾಲಿಫೆನಾಸಿನ್, ಟಾಲ್ಟೆರೊಡಿನ್‌ನಂಥ ಮಾತ್ರೆ ಕೊಡುತ್ತಾರೆ. ಇವುಗಳಿಂದ ಬಾಯಿ ಒಣಗಬಹುದು, ಮಲಬದ್ಧತೆಯಾಗಬಹುದು. ಈ ಗುಂಪಿನ ಔಷಧಗಳು, ಅದರಲ್ಲೂ ಆಕ್ಸಿಬ್ಯುಟಿನಿನ್, ವಯಸ್ಸಾದವರಲ್ಲಿ ನೆನಪು ಮಂಕಾಗಿಸುವ ಭಯವಿದೆ. ಮಿರಾಬೆಗ್ರಾನ್ ಬೇರೆ ರೀತಿಯಲ್ಲಿ ಕೆಲಸ ಮಾಡುತ್ತದೆ, ಆದರೆ ಬಿ.ಪಿ. ಮೇಲೆ ಕಣ್ಣಿಡಬೇಕು. ಮುಟ್ಟು ನಿಂತ ಮೇಲೆ ಯೋನಿ ಒಣಗಿ ಅವಸರ ಹೆಚ್ಚಿದವರಿಗೆ ಅಲ್ಲೇ ಹಚ್ಚುವ ಈಸ್ಟ್ರೊಜೆನ್ ಕ್ರೀಮ್ ನೆರವಾಗುತ್ತದೆ. ಅದೂ ಫಲಿಸದಿದ್ದರೆ ಕೋಶದ ಗೋಡೆಗೆ ಬೊಟಾಕ್ಸ್ ಚುಚ್ಚುಮದ್ದು, ನರಗಳಿಗೆ ವಿದ್ಯುತ್ ಪ್ರಚೋದನೆ ಇವೆ. ಮರೆವಿನ ಕಾಯಿಲೆ ಇರುವವರು ಸ್ವತಃ ತರಬೇತಿ ಮಾಡಲಾರರು. ಮನೆಯವರು ಎರಡು ಮೂರು ಗಂಟೆಗೊಮ್ಮೆ ನೆನಪಿಸಿ ಕರೆದೊಯ್ಯುವುದೇ ಅವರಿಗೆ ಚಿಕಿತ್ಸೆ.

ಈ ತೊಂದರೆ ಇರುವ ಓದುಗರಲ್ಲಿ ಒಂದು ಮನವಿ. ವೈದ್ಯರ ಮುಂದೆ ಬಾಯಿಬಿಡಲು ನಾಚಿಕೆಯಾದರೆ ಮೂರು ದಿನದ ಡೈರಿ ಬರೆದು ಅದನ್ನೇ ಅವರ ಮೇಜಿನ ಮೇಲಿಡಿ. ಹೇಳಬೇಕಾದದ್ದೆಲ್ಲ ಅದರಲ್ಲಿರುತ್ತದೆ, ಚಿಕಿತ್ಸೆ ಅಲ್ಲಿಂದಲೇ ಶುರುವಾಗುತ್ತದೆ.