ಇಎಂಐ ತಪ್ಪುತ್ತಾ? ಫೋನ್ ಆಫ್ ಮಾಡಬೇಡಿ

ಶಹಾಬಜಾರದ ನನ್ನ ಗೆಳೆಯನ ಪರ್ಸನಲ್ ಲೋನ್ ಕಂತು 9,000 ರೂಪಾಯಿ. ಕಂಪನಿ ಎರಡು ತಿಂಗಳು ಅರ್ಧ ಸಂಬಳವೇ ಅಂದಿತು. ‘ಕಂತಿನ ತಾರೀಖಿಗೆ ಮೊದಲೇ ಬ್ಯಾಂಕಿಗೆ ಇಮೇಲ್ ಹಾಕು’ ಅಂದೆ. ಕಾರಣ, ಈಗ ಕಟ್ಟಬಲ್ಲ 4,000, ಬಾಕಿ ಕಟ್ಟುವ ದಿನ ಬರೆದು ಸ್ಯಾಲರಿ ಸ್ಲಿಪ್ ಸೇರಿಸಿದ. ಬ್ಯಾಂಕು ಒಪ್ಪಲೇಬೇಕೆಂದೇನಿಲ್ಲ. ಒಪ್ಪಿದರೆ ಒಟ್ಟು ಬಡ್ಡಿ ಎಷ್ಟು ಹೆಚ್ಚುತ್ತದೆ ಅಂತ ಕೇಳಿ, ಎಲ್ಲವನ್ನೂ ಬರಹದಲ್ಲಿ ಪಡೆಯಿರಿ. ಬಾಕಿ 90 ದಿನ ದಾಟಿದರೆ ಸಾಲ ಎನ್‌ಪಿಎ ಆಗುತ್ತದೆ. ಮಾತುಕತೆ ಅದಕ್ಕೆ ಮೊದಲೇ ಮುಗಿಯಬೇಕು.

ರಿಸರ್ವ್ ಬ್ಯಾಂಕ್ ನಿಯಮದಂತೆ ಬೆಳಿಗ್ಗೆ 8ಕ್ಕೆ ಮೊದಲು, ಸಂಜೆ 7ರ ನಂತರ ವಸೂಲಿ ಕರೆ ಮಾಡುವಂತಿಲ್ಲ. ಬೈಯುವಂತಿಲ್ಲ, ನೆಂಟರ ಮುಂದೆ ಮಾನ ಕಳೆಯುವಂತಿಲ್ಲ. ಹಾಗಾದರೆ ಕರೆಯ ಸಮಯ, ನಂಬರ್ ಬರೆದಿಟ್ಟು ಮೊದಲು ಬ್ಯಾಂಕಿಗೇ ದೂರು ಕೊಡಿ. 30 ದಿನದಲ್ಲಿ ಉತ್ತರ ಬಾರದಿದ್ದರೆ cms.rbi.org.in ನಲ್ಲಿ ಓಂಬುಡ್ಸ್‌ಮನ್‌ಗೆ ದೂರು ಕೊಡಬಹುದು. ಜೀವ ಬೆದರಿಕೆ ಹಾಕಿದರೆ ಕಾಯಬೇಡಿ, ಅಂದೇ ಪೊಲೀಸ್ ಠಾಣೆಗೆ ಹೋಗಿ. ದೂರು ಕೊಟ್ಟರೂ ಸಾಲ ಮಾತ್ರ ಕಟ್ಟಲೇಬೇಕು.